ಸ್ಕಿನ್ನಿ ಅಂತ ಬರೆದ ದಿನ

ಈ ಫೋಟೊದಲ್ಲಿ ನನ್ನ ಪಕ್ಕ ನಿಂತಿರೋಳು ನನ್ನ ಬೆಂಚ್‌ಮೇಟ್. ಅವಳನ್ನ ಕೇಳಿಯೇ ಇದನ್ನ ಬರೀತಾ ಇದ್ದೀನಿ. "ಬರಿ, ಆದ್ರೆ ಪೂರ್ತಿ ಬರಿ" ಅಂದಿದ್ದಾಳೆ. ಹಾಗಾಗಿ ಇವತ್ತಿನ ಕ್ಯಾಪ್ಶನ್ ಸ್ವಲ್ಪ ಉದ್ದ, ಕೊನೆವರೆಗೂ ಓದಿ.

ಕಳೆದ ಸೆಮಿಸ್ಟರ್ ಇಂಗ್ಲಿಷ್ ಕ್ಲಾಸಲ್ಲಿ ಮೇಡಂ ಒಂದು ಕೆಲಸ ಕೊಟ್ರು. ಪಕ್ಕದಲ್ಲಿ ಕೂತಿರೋರ ಬಗ್ಗೆ ಐದು ವಾಕ್ಯ ಬರೀಬೇಕು, ಹೆಸರು ಹಾಕಬಾರದು, ಓದಿದಾಗ ಅದು ಯಾರು ಅಂತ ಕ್ಲಾಸು ಕಂಡುಹಿಡೀಬೇಕು. ನಾನು ಬರೆದ ಎರಡನೇ ವಾಕ್ಯ: "ಶಿ ಈಸ್ ಟಾಲ್ ಆಂಡ್ ಸ್ಕಿನ್ನಿ." ಸ್ಕಿನ್ನಿ ಅನ್ನೋ ಪದ ನನಗೆ ಪರಿಚಯ ಆಗಿದ್ದೇ ಜೀನ್ಸ್ ಅಂಗಡಿಯಲ್ಲಿ. ಸ್ಟೈಲಾದ ಪದ, ಹೊಗಳಿಕೆ ಅಂತಾನೇ ಅಂದ್ಕೊಂಡಿದ್ದೆ. ಅಷ್ಟು ಓದ್ತಿದ್ದ ಹಾಗೆ ಹಿಂದಿನ ಬೆಂಚಿಂದ ಯಾರೋ ಅವಳ ಹೆಸರು ಕೂಗಿದ್ರು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಬಸ್‌ಸ್ಟ್ಯಾಂಡ್ ತನಕ ಒಂದು ಮಾತೂ ಆಡಲಿಲ್ಲ. ಬಸ್ ಹತ್ತೋ ಮುಂಚೆ ಹೇಳಿದ್ದು ಇಷ್ಟೇ: "ಹೈಸ್ಕೂಲಲ್ಲಿ ನನ್ನ ಕಡ್ಡಿ ಅಂತಿದ್ರು ಕಣೇ. ನೀನು ಅದನ್ನೇ ಇಂಗ್ಲಿಷಲ್ಲಿ ಹೇಳ್ದೆ."

ಆ ರಾತ್ರಿ ಡಿಕ್ಷನರಿ ತೆಗೆದು ಕೂತೆ. ಥಿನ್, ಸ್ಲಿಮ್, ಸ್ಕಿನ್ನಿ, ಲೀನ್. ನಾಲ್ಕಕ್ಕೂ ನಾವು ಸಲೀಸಾಗಿ ಹಾಕೋ ಅರ್ಥ ಒಂದೇ: ಸಣ್ಣಗಿರೋರು. ಆದ್ರೆ ನಾಲ್ಕೂ ಒಂದೇ ಮಾತಲ್ಲ. ನಿಮಗೂ ಉಪಯೋಗ ಆಗಬಹುದು, ನೋಡಿ.

ಥಿನ್ ಅಂದ್ರೆ ಕಣ್ಣಿಗೆ ಕಂಡಿದ್ದು ಅಷ್ಟೇ. ನಮ್ಮ 'ತೆಳ್ಳಗೆ' ಇದ್ದ ಹಾಗೆ. ಹೊಗಳಿಕೆ ಅಲ್ಲ, ಬೈಗುಳವೂ ಅಲ್ಲ. ಪೊಲೀಸರಿಗೆ ಕಳ್ಳನ ಗುರುತು ಹೇಳುವಾಗ ಈ ಪದ ಸಾಕು. ಆದ್ರೆ ಪರಿಚಯದವರ ಮುಖ ನೋಡಿ "ಯು ಲುಕ್ ಥಿನ್" ಅಂದ್ರೆ ಅದರಲ್ಲಿ ಸ್ವಲ್ಪ ಆತಂಕ ಸೇರ್ಕೊಳ್ಳುತ್ತೆ. ಹಾಸ್ಟೆಲಿಂದ ಊರಿಗೆ ಹೋದಾಗ ಅಜ್ಜಿ "ಏನೇ, ಇಷ್ಟು ಸೊರಗಿದ್ದೀಯ" ಅಂತಾರಲ್ಲ, ಹೆಚ್ಚುಕಮ್ಮಿ ಅದು.

ಸ್ಲಿಮ್ ಅಂದ್ರೆ ಹೇಳೋರಿಗೆ ಅದು ಇಷ್ಟ ಆಗಿದೆ ಅಂತ ಅರ್ಥ. ನಮ್ಮ 'ಸಪೂರ' ಇದಕ್ಕೆ ತುಂಬ ಹತ್ತಿರ. ಸಣ್ಣಗಿದ್ದಾರೆ, ನೋಡೋಕೆ ಚೆನ್ನಾಗಿದ್ದಾರೆ, ಎರಡನ್ನೂ ಒಂದೇ ಪದ ಹೇಳ್ಬಿಡುತ್ತೆ. ಅದಕ್ಕೇ ಇದನ್ನ ಎಲ್ಲಾ ಕಡೆ ಬಳಸೋಕೆ ಆಗಲ್ಲ. ಹೋದ ವರ್ಷ ನನಗೆ ಡೆಂಗ್ಯೂ ಬಂದು ಆರು ಕೆ.ಜಿ. ಇಳಿದಿದ್ದೆ. ಆಸ್ಪತ್ರೆಯಿಂದ ಬಂದ ವಾರ ಹಾಕಿದ ಫೋಟೊಗೆ ನಮ್ಮ ಮಾವ "ವಾವ್, ಸ್ಲಿಮ್ ಆಗಿದ್ದೀಯ" ಅಂತ ಕಾಮೆಂಟ್ ಹಾಕಿದ್ರು. ಅಮ್ಮ ಆ ಫೋನನ್ನ ಸೋಫಾ ಮೇಲೆ ಎಸೆದ್ರು. ಮಾವನಿಗೆ ಜ್ವರದ ವಿಷಯ ಗೊತ್ತಿರಲಿಲ್ಲ, ಪಾಪ. ಜ್ವರದಿಂದ ಇಳಿದವರು ಥಿನ್ ಆಗ್ತಾರೆ, ಸ್ಲಿಮ್ ಆಗಲ್ಲ.

ಸ್ಕಿನ್ನಿ ಹುಟ್ಟಿದ್ದೇ 'ಸ್ಕಿನ್' ಅನ್ನೋ ಪದದಿಂದ. ಮೂಳೆ ಮೇಲೆ ಬರೀ ಚರ್ಮ ಅನ್ನೋ ಚಿತ್ರ ಅದರೊಳಗೇ ಇದೆ. ಇರಬೇಕಾದಷ್ಟು ಮಾಂಸ ಇಲ್ಲ ಅಂತ ಹೇಳೋರು ತೀರ್ಪು ಕೊಟ್ಟ ಹಾಗೆ. ಕನ್ನಡದಲ್ಲಿ ಸಣಕಲು, ನರಪೇತಲ, ಕಡ್ಡಿ. ನನ್ನ ಬೆಂಚ್‌ಮೇಟ್ ಸರಿಯಾಗೇ ಅನುವಾದ ಮಾಡಿದ್ಲು. ಹಾಗಾದ್ರೆ ಜೀನ್ಸ್? ಅಲ್ಲಿ ಸ್ಕಿನ್ನಿ ಅಂದಿದ್ದು ಬಟ್ಟೆಗೆ, ಚರ್ಮಕ್ಕೆ ಅಂಟಿದ ಹಾಗೆ ಕೂರುತ್ತೆ ಅಂತ. ಹಾಕ್ಕೊಂಡವರಿಗೆ ಅಂದಿದ್ದಲ್ಲ. ಇಂಗ್ಲಿಷ್ ಮಾತಾಡೋ ಊರುಗಳಲ್ಲಿ ಕೆಲವರು ಇದನ್ನ ಮೆಚ್ಚುಗೆಯಿಂದ ಹೇಳೋದೂ ಉಂಟು, ಫ್ರೆಂಡ್ಸ್ ಮಧ್ಯೆ ತಮಾಷೆಗೂ ನಡೆಯುತ್ತೆ. ಆದ್ರೆ ಕ್ಲಾಸಿನ ಮುಂದೆ ಗಟ್ಟಿಯಾಗಿ ಓದಿದಾಗ ಆ ಸಲಿಗೆ ಉಳಿಯಲ್ಲ.

ಲೀನ್ ಬೇರೆ ಥರ. ಮಾಂಸದಂಗಡಿಯಲ್ಲಿ ಲೀನ್ ಮೀಟ್ ಅಂದ್ರೆ ಕೊಬ್ಬು ಕಮ್ಮಿ ಇರೋ ಮಾಂಸ. ಮನುಷ್ಯರಿಗೂ ಹಾಗೇ: ಕೊಬ್ಬಿಲ್ಲ, ಆದ್ರೆ ಬಲ ಇದೆ. ನಮ್ಮ ಕಾಲೇಜಲ್ಲಿ 5 ಸಾವಿರ ಮೀಟರ್ ಓಡೋ ಸೀನಿಯರ್ ಒಬ್ಬರಿದ್ದಾರೆ, ಕಾಲು ನೋಡಿದ್ರೆ ಹುರಿಗಟ್ಟಿದ ಹಗ್ಗ. ಅವರನ್ನ ಸ್ಕಿನ್ನಿ ಅಂದ್ರೆ ತಪ್ಪು, ಲೀನ್ ಅಂದ್ರೆ ಸರಿ. ಬಿಕಾಂ ಮಂದಿಗೆ ಈ ಪದ ಹೊಸದಲ್ಲ, ಲೀನ್ ಪ್ರೊಡಕ್ಷನ್ ಓದಿರ್ತೀರಿ. 1988ರಲ್ಲಿ ಜಾನ್ ಕ್ರಾಫ್ಸಿಕ್ ಟೊಯೋಟಾದ ಉತ್ಪಾದನಾ ಪದ್ಧತಿ ಬಗ್ಗೆ ಬರೀತಾ ಆ ಹೆಸರು ಕೊಟ್ರು. ಅನಗತ್ಯ ಸ್ಟಾಕು, ವೇಸ್ಟು ಇಲ್ಲ, ಆದ್ರೂ ಕೆಲಸ ನಿಲ್ಲಲ್ಲ. ಅದಕ್ಕೆ 'ಸ್ಕಿನ್ನಿ ಪ್ರೊಡಕ್ಷನ್' ಅಂತ ಹೆಸರಿಟ್ಟಿದ್ರೆ ಯಾವ ಕಂಪನಿ ಒಪ್ತಿತ್ತು ಹೇಳಿ?

ಯಾವ ಪದ ಅಂತ ಅನುಮಾನ ಬಂದಾಗ ನಾನೀಗ ಮುಂದೆ 'ಟೂ' ಸೇರಿಸಿ ನೋಡ್ತೀನಿ. ಟೂ ಥಿನ್, ಟೂ ಸ್ಕಿನ್ನಿ, ಎರಡೂ ಆರಾಮಾಗಿ ಬಾಯಿಗೆ ಬರುತ್ತೆ. ಟೂ ಸ್ಲಿಮ್ ಅನ್ನೋಕೆ ಹೋದ್ರೆ ನಾಲಿಗೆ ತಡೆಯುತ್ತೆ, ಯಾಕಂದ್ರೆ ಸ್ಲಿಮ್ ಅಂದ್ರೇನೇ ಹದವಾಗಿದೆ ಅಂತ. ಟೂ ಲೀನ್ ಕೂಡ ಕ್ರೀಡಾಪಟುಗಳ ವಿಷಯ ಬಿಟ್ರೆ ಅಪರೂಪ.

ಇನ್ನೊಂದು ವಿಷಯ. ಈ ನಾಲ್ಕರಲ್ಲಿ ಯಾವುದಕ್ಕೂ ಅಳತೆ ಇಲ್ಲ. ಅಳತೆ ಇರೋ ಪದ ಬೇರೆ, ಅಂಡರ್‌ವೇಟ್. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದೊಡ್ಡವರ ಬಿಎಂಐ 18.5ಕ್ಕಿಂತ ಕಮ್ಮಿ ಇದ್ರೆ ಅಂಡರ್‌ವೇಟ್. ತೂಕವನ್ನ ಎತ್ತರದಿಂದ ಎರಡು ಸಲ ಭಾಗಿಸಿದ್ರೆ ಬಿಎಂಐ ಬರುತ್ತೆ, ತೂಕ ಕೆ.ಜಿ.ಯಲ್ಲಿ, ಎತ್ತರ ಮೀಟರಲ್ಲಿ. ನನ್ನ ಬೆಂಚ್‌ಮೇಟ್ ಕ್ಯಾಲ್ಕ್ಯುಲೇಟರ್ ಕಿತ್ಕೊಂಡು ತಾನೇ ಲೆಕ್ಕ ಹಾಕಿದ್ಲು. ಎತ್ತರ 1.68 ಮೀಟರ್, ತೂಕ 54 ಕೆ.ಜಿ. ಬಂದಿದ್ದು 19.1. "ನೋಡು, ನಾನು ನಾರ್ಮಲ್" ಅಂದ್ಲು. ನಾನು ಸ್ಕಿನ್ನಿ ಅಂತ ಬರೆದಿದ್ದು ಅವಳ ದೇಹದ ಅಳತೆ ಆಗಿರಲೇ ಇಲ್ಲ. ಅದು ನನ್ನ ಕಣ್ಣಿನ ತೀರ್ಪು, ಅದೂ ನನಗೇ ಗೊತ್ತಿಲ್ಲದೆ ಕೊಟ್ಟಿದ್ದು.

ಮಾರನೇ ವಾರ ಸಾರಿ ಕೇಳಿ, ವಾಕ್ಯ ತಿದ್ದಿಕೊಂಡು ಹೋದೆ. "ಟಾಲ್ ಆಂಡ್ ಸ್ಲಿಮ್" ಅಂತ ಮಾಡಿದ್ದೆ. ಓದಿ, ಒಂದು ನಿಮಿಷ ಸುಮ್ನಿದ್ದು ಕೇಳಿದ್ಲು: "ಇದು ಪರವಾಗಿಲ್ಲ. ಆದ್ರೆ ನನ್ನ ಗುರುತು ಹೇಳೋಕೆ ನಿನಗೆ ಇದೇ ಬೇಕಿತ್ತಾ? ಎರಡು ವರ್ಷದಿಂದ ಪಕ್ಕದಲ್ಲೇ ಕೂತಿದ್ದೀಯ."

ನನ್ನ ಹತ್ರ ಉತ್ತರ ಇರಲಿಲ್ಲ. ಕೂತು ಮತ್ತೆ ಬರ್ದೆ. ಈಗಿನ ಎರಡನೇ ವಾಕ್ಯ ಹೀಗಿದೆ: ಅವಳು ಎತ್ತರ ಇದ್ದಾಳೆ, ಎಡಗೈಯಲ್ಲಿ ಬರೀತಾಳೆ, ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗೋ ತನಕ ಊಟಕ್ಕೆ ಏಳಲ್ಲ.

ಹೆಸರು ಹಾಕ್ದೇನೇ ನಮ್ಮ ಕ್ಲಾಸಿನವರಿಗೆಲ್ಲ ಯಾರಂತ ಗೊತ್ತಾಗಿರುತ್ತೆ ಅಲ್ವಾ?

ನಿಮ್ಮ ಊರಲ್ಲಿ ಸಣ್ಣಗಿರೋರಿಗೆ ಏನಂತಾರೆ? ಅದು ಥಿನ್ನಾ, ಸ್ಲಿಮ್ಮಾ, ಸ್ಕಿನ್ನಿನಾ, ಲೀನಾ? ಕಾಮೆಂಟಲ್ಲಿ ಹಾಕಿ. ಯಾರನ್ನೂ ಟ್ಯಾಗ್ ಮಾಡ್ಬೇಡಿ.