ಮನುವನ್ನು, ಮನ್ವಂತರ ಮತ್ತು ಅಕ್ಕನ ನಾಲ್ಕು ಅಂಕ

ಹೋದ ಸಲ ಅಕ್ಕನಿಗೆ ಟಿಇಟಿಯಲ್ಲಿ ಬಂದಿದ್ದು 150ಕ್ಕೆ 86. ಸಾಮಾನ್ಯ ವರ್ಗಕ್ಕೆ ಬೇಕಾಗಿದ್ದು ಶೇಕಡಾ 60, ಅಂದರೆ 90. ನಾಲ್ಕೇ ನಾಲ್ಕು ಅಂಕ! ಬಿ.ಎಡ್. ಮುಗಿಸಿ ಆರು ವರ್ಷದಿಂದ ಖಾಸಗಿ ಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು, ಕನ್ನಡದ ಭಾಗದಲ್ಲೇ ಅಂಕ ಕಳೆದುಕೊಂಡಿದ್ದಳು. ದೀಪಾವಳಿಗೆ ಊರಿಗೆ ಹೋದಾಗ "ಲೋ, ಈ ಸಂಧಿ ನನ್ನ ಪ್ರಾಣ ತಿಂತಿದೆ ಕಣೋ" ಅಂತ ನೋಟ್ ಬುಕ್ ನನ್ನ ಮುಂದೆ ಹಾಕಿದಳು. ನಾನೋ, ಪಿಯುಸಿ ಆದಮೇಲೆ ವ್ಯಾಕರಣದ ಮುಖ ನೋಡದವನು :)

ಅವಳ ತಪ್ಪುಗಳನ್ನು ನೋಡುತ್ತಾ ಹೋದರೆ ಒಂದು ವಿಷಯ ಗೊತ್ತಾಯಿತು. ಪದದಲ್ಲಿ ಯ ಅಥವಾ ವ ಕಂಡರೆ ಸಾಕು, "ಆಗಮ ಸಂಧಿ" ಅಂತ ಗುರುತು ಹಾಕಿಬಿಡುತ್ತಿದ್ದಳು. ಪರೀಕ್ಷೆಯವರು ಗಾಳ ಹಾಕುವುದೂ ಅಲ್ಲೇ.

ಆಫೀಸಿನಲ್ಲಿ ನಾವು ಹಳೆ ಕೋಡ್, ಹೊಸ ಕೋಡ್ ಅಕ್ಕಪಕ್ಕ ಇಟ್ಟು ಏನು ಹೋಯಿತು, ಏನು ಸೇರಿತು, ಏನು ಬದಲಾಯಿತು ಅಂತ ನೋಡುತ್ತೇವಲ್ಲ, ಹಾಗೇ ಮಾಡೋಣ ಅಂದೆ. ಯೋಚಿಸಿದರೆ ಕನ್ನಡ ಸಂಧಿಗಳೂ ಅಷ್ಟೇ. ಅಕ್ಷರ ಹೋದರೆ ಲೋಪ, ಹೊಸದು ಬಂದರೆ ಆಗಮ, ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಆದೇಶ.

ಮೂರು ಪದ ಬರೆದುಕೊಂಡೆವು. ಮೂರರಲ್ಲೂ ವ ಇದೆ.

ಮನು + ಅನ್ನು = ಮನುವನ್ನು
ಮನು + ಅಂತರ = ಮನ್ವಂತರ
ಮೆಲ್ + ಮಾತು = ಮೆಲ್ವಾತು

ಮೊದಲನೆಯದರಲ್ಲಿ "ಮನು" ಹಾಗೇ ಉಳಿದಿದೆ, ಉ ಎಲ್ಲಿಗೂ ಹೋಗಿಲ್ಲ. ನಡುವೆ ವ ಹೊಸದಾಗಿ ಬಂದು ಕೂತಿದೆ. ಇದು ವಕಾರಾಗಮ. ಎರಡನೆಯದರಲ್ಲಿ ಉ ಎದ್ದು ಹೋಗಿ ಅದರ ಕುರ್ಚಿಯಲ್ಲಿ ವ ಕೂತಿದೆ. ಎರಡೂ ಸಂಸ್ಕೃತ ಪದಗಳು, ಹಾಗಾಗಿ ಇದು ಯಣ್ ಸಂಧಿ. ಮೂರನೆಯದರಲ್ಲಿ ಎರಡನೇ ಪದದ ಮ ಹೋಗಿ ವ ಬಂದಿದೆ, ಪದಗಳು ಕನ್ನಡದವು, ಆದ್ದರಿಂದ ಆದೇಶ. ಗಿರಿಯನ್ನು, ಅತ್ಯಂತ ಈ ಜೋಡಿಯೂ ಇದೇ ರೀತಿ. "ಗಿರಿ" ಪೂರ್ತಿ ಉಳಿದಿರುವುದರಿಂದ ಮೊದಲನೆಯದು ಯಕಾರಾಗಮ. "ಅತಿ"ಯ ಇ ಕಾಣೆಯಾಗಿರುವುದರಿಂದ ಎರಡನೆಯದು ಯಣ್.

ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಅಕ್ಕ ಕೇಳಿದಳು: "ಹಾಗಾದ್ರೆ ಊರೂರು, ದೇವಾಲಯ ಎರಡೂ ಲೋಪನಾ?"

ಅಲ್ಲಿಗೆ ನನ್ನ ಉಪಾಯ ನಿಂತುಹೋಯಿತು. ಊರು + ಊರು, ದೇವ + ಆಲಯ. ಎರಡರಲ್ಲೂ ಎರಡು ಸ್ವರವಿದ್ದ ಕಡೆ ಒಂದು ದೀರ್ಘ ಉಳಿದಿದೆ. ಒಂದು ಸ್ವರ ಬಿದ್ದುಹೋಯಿತೋ, ಎರಡೂ ಕೂಡಿ ಒಂದಾದವೋ, ಬರೀ ಅಕ್ಷರ ನೋಡಿದರೆ ಗೊತ್ತಾಗುವುದಿಲ್ಲ. ಪದ ಎಲ್ಲಿಯದು ಅಂತ ಕೇಳಲೇಬೇಕು. ಊರು ಕನ್ನಡದ್ದು, ಹಾಗಾಗಿ ಲೋಪ. ದೇವ, ಆಲಯ ಎರಡೂ ಸಂಸ್ಕೃತ, ಹಾಗಾಗಿ ಸವರ್ಣದೀರ್ಘ. ಕೊನೆಗೆ ಅಕ್ಕನ ಪುಸ್ತಕದಲ್ಲಿ ನಾಲ್ಕು ಕಾಲಂ ಆದವು: ಬಿಡಿಸಿದ ಪದ, ಏನಾಯಿತು, ಎಲ್ಲಿಯ ಪದಗಳು, ಸಂಧಿಯ ಹೆಸರು. ಮರುದಿನ ಕೊನೆಯ ಮೂರನ್ನೂ ಕೈಯಿಂದ ಮುಚ್ಚಿ ಎಡದಿಂದ ಬಲಕ್ಕೆ ಹೇಳಬೇಕು. ತಪ್ಪಿದ ಪದ ಮಾತ್ರ ಹೊಸ ಪುಟಕ್ಕೆ ಹೋಗುತ್ತದೆ. ಹೆಸರು ಸರಿಯಾಗಿ ಬಂದು ಕಾರಣ ತಪ್ಪಿದರೂ ಅದು ತಪ್ಪೇ, ಯಾಕೆಂದರೆ ಅದು ಊಹೆ.

ಬೋಧನಾ ವಿಧಾನದ ಪ್ರಶ್ನೆಗಳಲ್ಲಿ ಅವಳಿಗೆ ಅನುಗಮನ, ನಿಗಮನ ಅದಲು ಬದಲಾಗುತ್ತಿತ್ತು. "ಈಗ ನಾವು ಮಾಡಿದ್ದು ಯಾವುದು?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕಳು. ಮೊದಲು ಉದಾಹರಣೆ, ಆಮೇಲೆ ನಿಯಮ, ಅಂದರೆ ಅನುಗಮನ. ನಿಯಮ ಮೊದಲು ಹೇಳಿ ಆಮೇಲೆ ಪದಗಳಿಗೆ ಹಚ್ಚಿದ್ದರೆ ನಿಗಮನ. ಪರೀಕ್ಷೆಯಲ್ಲಿ ಹೆಸರು ಹೇಳದೆ ತರಗತಿಯ ಒಂದು ಸನ್ನಿವೇಶ ಕೊಡುವುದುಂಟು. "ಕೊನೆಗೆ ಮಕ್ಕಳಿಗೆ ಅಭ್ಯಾಸ ಕೊಟ್ಟರು" ಅನ್ನುವ ಸಾಲು ನೋಡಿ ಅಕ್ಕ ನಿಗಮನ ಅಂದುಬಿಡುತ್ತಿದ್ದಳು. ಅಭ್ಯಾಸ ಎರಡರಲ್ಲೂ ಇರುತ್ತದೆ. ಮೇಷ್ಟ್ರು ಬೋರ್ಡಿನ ಮೇಲೆ ಮೊದಲು ಬರೆದಿದ್ದೇನು, ಅಷ್ಟನ್ನೇ ನೋಡಬೇಕು.

ನಾನು ಬೆಂಗಳೂರಿಗೆ ವಾಪಸ್ ಬಂದೆ. ಈಗ ದಿನಾ ರಾತ್ರಿ ಮೊಬೈಲಿಗೆ ಅಕ್ಕನಿಂದ ಒಂದು ಪದ ಬರುತ್ತದೆ, ಉತ್ತರ ನಾನು ಹೇಳಬೇಕು. ನಿನ್ನೆ "ಹಳೆಗನ್ನಡ" ಬಂದಿತ್ತು. ಹಳೆ + ಕನ್ನಡ, ಕ ಹೋಗಿ ಗ ಬಂತು, ಕನ್ನಡ ಪದ, ಆದೇಶ ಅಂತ ಕಳಿಸಿದೆ. "ಪಾಸ್" ಅಂತ ಬಂತು. ಅದೇ ಮಾತು ಈ ಸಲ ಅವಳಿಗೂ ಬರಲಿ...

ಮನುವನ್ನು, ಮನ್ವಂತರದಂಥ ಜೋಡಿಗಳು ನಿಮಗೆ ಹೊಳೆದರೆ ಕೆಳಗೆ ಬರೆಯಿರಿ. ಅಕ್ಕನ ಪುಸ್ತಕದಲ್ಲಿ ಇನ್ನೂ ಖಾಲಿ ಹಾಳೆಗಳಿವೆ :)