ಸಮಾಧಿಯ ಬಾಗಿಲು

786ರ ಆಗಸ್ಟ್ ತಿಂಗಳ ಒಂದು ದಿನ. ನೀವು ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ, ಪವಿತ್ರ ಅಪೊಸ್ತಲರ ಚರ್ಚಿನ ಒಂದು ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದೀರಿ. ಸಾಮ್ರಾಜ್ಯದ ಮೂಲೆಮೂಲೆಯಿಂದ ಬಂದ ಬಿಷಪ್ಪರು ಸಾಲಾಗಿ ಕೂತಿದ್ದಾರೆ. ರೋಮಿನ ಪೋಪ್ ಕಳಿಸಿದ ಇಬ್ಬರು ಪ್ರತಿನಿಧಿಗಳೂ ಇದ್ದಾರೆ, ಇಬ್ಬರ ಹೆಸರೂ ಪೀಟರ್. ಅಧ್ಯಕ್ಷ ಪೀಠದಲ್ಲಿ ಪೇಟ್ರಿಯಾರ್ಕ್ ತರಾಸಿಯೊಸ್. ಎರಡು ವರ್ಷದ ಹಿಂದೆ ಈತ ಪಾದ್ರಿಯೂ ಆಗಿರಲಿಲ್ಲ, ಅರಮನೆಯಲ್ಲಿ ಕಡತ ಬರೆಯುವ ಕಾರ್ಯದರ್ಶಿಯಾಗಿದ್ದ. ತಲೆಯೆತ್ತಿ ನೋಡಿ. ಮೇಲಿನ ಮೊಗಸಾಲೆಯಲ್ಲಿ ರಾಜಮಾತೆ ಐರೀನ್, ಪಕ್ಕದಲ್ಲಿ ಹದಿನೈದರ ಹುಡುಗ, ಚಕ್ರವರ್ತಿ ಆರನೆಯ ಕಾನ್‌ಸ್ಟಂಟೈನ್.

ಕ್ರಿಸ್ತನ, ಮೇರಿಯ, ಸಂತರ ಚಿತ್ರಗಳನ್ನು ಮತ್ತೆ ಚರ್ಚುಗಳಿಗೆ ತರಬಹುದೇ ಎಂಬುದನ್ನು ತೀರ್ಮಾನಿಸಲು ಈ ಸಭೆ ಕೂಡಿದೆ. ಚಿತ್ರ ಕೂಡದೆಂದು ಮೂವತ್ತೆರಡು ವರ್ಷದ ಹಿಂದೆ ಇಂಥದೇ ಒಂದು ಸಭೆ ನಿರ್ಣಯ ಮಾಡಿತ್ತು. ಈಗ ಅದನ್ನು ತಿರುವಿಹಾಕಬೇಕು.

ಆದರೆ ನಿಮ್ಮ ಕಿವಿ ಸಭೆಯ ಕಡೆಗಿಲ್ಲ. ನಿನ್ನೆ ಸಂಜೆ ಇದೇ ಚರ್ಚಿನ ದೀಕ್ಷಾಸ್ನಾನದ ಮಂಟಪದಲ್ಲಿ ಸೈನಿಕರು ಗುಂಪುಗೂಡಿ ಕೂಗಾಡಿದ್ದರು. ಇವತ್ತು ಅವರು ಬಾಗಿಲ ಹೊರಗೆ ಇದ್ದಾರೆ.

ಬಾಗಿಲು ಧಡಾರನೆ ತೆರೆಯುತ್ತದೆ. ಒಳಗೆ ನುಗ್ಗಿದವರು ಬೀದಿಯ ಪುಂಡರಲ್ಲ, ನಗರವನ್ನೂ ಅರಮನೆಯನ್ನೂ ಕಾಯುವ ಖಾಸಾ ಪಡೆಗಳವರು. ಕತ್ತಿ ಹಿರಿದಿದ್ದಾರೆ. ತರಾಸಿಯೊಸ್‌ನನ್ನೂ ಬಿಷಪ್ಪರನ್ನೂ ಕಡಿದುಹಾಕುತ್ತೇವೆ ಎಂದು ಅಬ್ಬರಿಸುತ್ತಿದ್ದಾರೆ. ಐರೀನ್ ಮೇಲಿನಿಂದ ತನ್ನ ಆಳುಗಳನ್ನು ಕಳಿಸಿ ತಡೆಯಲು ನೋಡುತ್ತಾಳೆ. ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಕೂತಿದ್ದ ಬಿಷಪ್ಪರಲ್ಲೇ ಕೆಲವರು ಎದ್ದು ಸೈನಿಕರ ಕಡೆ ಸೇರಿ, ನಾವು ಗೆದ್ದೆವು ಎಂದು ಕೂಗುತ್ತಾರೆ. ಸಭೆ ಅಲ್ಲಿಗೆ ಮುಗಿಯಿತು. ಎಲ್ಲರೂ ಜೀವ ಉಳಿಸಿಕೊಂಡು ಮನೆಗೆ ಹೋಗುತ್ತಾರೆ. ನೀವೂ.

ಒಂದು ಚಿತ್ರಕ್ಕಾಗಿ ಸೈನಿಕನೊಬ್ಬ ಕತ್ತಿ ಹಿರಿಯುವುದೇಕೆ? ಉತ್ತರ ಇದೇ ಆವರಣದಲ್ಲಿದೆ. ಚರ್ಚಿಗೆ ಅಂಟಿಕೊಂಡಂತೆ ಚಕ್ರವರ್ತಿಗಳ ಸಮಾಧಿ ಮಂದಿರವಿದೆ. ಅಲ್ಲಿ ಹಸಿರು ಕಲ್ಲಿನ ಪೆಟ್ಟಿಗೆಯೊಂದರಲ್ಲಿ ಹನ್ನೊಂದು ವರ್ಷದಿಂದ ಮಲಗಿರುವವನು ಐದನೆಯ ಕಾನ್‌ಸ್ಟಂಟೈನ್, ಐರೀನಳ ಮಾವ. 754ರ ಸಭೆ ಕರೆದವನು ಅವನೇ. ಈ ಖಾಸಾ ಪಡೆಗಳನ್ನು ಕಟ್ಟಿ ಬೆಳೆಸಿದವನೂ ಅವನೇ. ಬಲ್ಗರರನ್ನು, ಅರಬರನ್ನು ಮತ್ತೆಮತ್ತೆ ಹೊಡೆದವನು. ಅವನ ಅಪ್ಪ ಮೂರನೆಯ ಲಿಯೋ 717-718ರಲ್ಲಿ ಅರಬರ ಮುತ್ತಿಗೆಯಿಂದ ಈ ನಗರವನ್ನು ಉಳಿಸಿದವನು, ಚಿತ್ರಗಳ ವಿರುದ್ಧ ಮೊದಲು ನಿಂತವನು. ಸೈನಿಕನ ಲೆಕ್ಕ ಸರಳ: ಚಿತ್ರಗಳಿಗೆ ಅಡ್ಡಬೀಳುತ್ತಿದ್ದ ಕಾಲದಲ್ಲಿ ಪ್ರಾಂತ್ಯದ ಮೇಲೆ ಪ್ರಾಂತ್ಯ ಕೈಬಿಟ್ಟಿತು, ಚಿತ್ರ ತೆಗೆಸಿದ ಅರಸರು ಗೆದ್ದರು. ದೇವರು ಯಾರ ಕಡೆ ಎಂದು ಇನ್ನೇನು ಕೇಳುವುದು?

ನಿಮ್ಮ ಸೊಂಟದ ಚೀಲದಿಂದ ಒಂದು ಚಿನ್ನದ ನಾಣ್ಯ ತೆಗೆಯಿರಿ. ಐರೀನಳ ಕಾಲದ್ದೇ, ಹೊಸದು. ಒಂದು ಬದಿಯಲ್ಲಿ ಐರೀನ್ ಮತ್ತು ಮಗ. ತಿರುಗಿಸಿ. ಇನ್ನೊಂದು ಬದಿಯಲ್ಲಿ ಮೂವರು ಸಾಲಾಗಿ ಕೂತಿದ್ದಾರೆ: ಲಿಯೋ, ಐದನೆಯ ಕಾನ್‌ಸ್ಟಂಟೈನ್, ಐರೀನಳ ಗಂಡ ನಾಲ್ಕನೆಯ ಲಿಯೋ. ಅದಕ್ಕೂ ಹಿಂದೆ, ಏಳನೆಯ ಶತಮಾನದ ಕೊನೆಯಲ್ಲಿ, ಚಕ್ರವರ್ತಿಯೊಬ್ಬ ನಾಣ್ಯದ ಮೇಲೆ ಕ್ರಿಸ್ತನ ಮುಖವನ್ನೇ ಅಚ್ಚು ಹಾಕಿಸಿದ್ದ. ಈ ಮನೆತನ ಕ್ರಿಸ್ತನ ಮುಖವನ್ನು ತರಲಿಲ್ಲ. ಶಿಲುಬೆಯನ್ನೂ ತಮ್ಮ ವಂಶವನ್ನೂ ತಂದಿತು. ಚಿತ್ರವೇ ಕೂಡದು ಎಂದವರು ತಮ್ಮ ಚಿತ್ರವನ್ನು ಎಂದೂ ಬಿಟ್ಟವರಲ್ಲ. ಐರೀನಳ ಇಕ್ಕಟ್ಟು ಈ ನಾಣ್ಯದಲ್ಲೇ ಇದೆ. ಮಾವನ ಮತವನ್ನು ಅವಳು ಅಳಿಸಬೇಕು, ಮಾವನ ಹೆಸರನ್ನು ಅಳಿಸುವಂತಿಲ್ಲ, ಏಕೆಂದರೆ ಮಗನ ಸಿಂಹಾಸನ ನಿಂತಿರುವುದು ಆ ರಕ್ತದ ಮೇಲೆ.

ವಿಗ್ರಹಭಂಜನೆ ಎಂದಾಗ ನಮ್ಮ ಕಣ್ಣಿಗೆ ಬರುವುದು ಸುತ್ತಿಗೆ, ಪುಡಿಯಾದ ಕಲ್ಲು. ಆದರೆ ಇಲ್ಲಿ ಜಗಳ ಹೆಚ್ಚಾಗಿ ಹಲಗೆಯ ಮೇಲಿನ, ಗೋಡೆಯ ಮೇಲಿನ ಚಿತ್ರಗಳದ್ದು. ಹಾಗಿಯಾ ಸೋಫಿಯಾ ಚರ್ಚಿನ ಮೇಲಂತಸ್ತಿನಲ್ಲಿ, ಪೇಟ್ರಿಯಾರ್ಕರ ಸಣ್ಣ ಕೋಣೆಯೊಂದಿದೆ. 768-69ರ ಸುಮಾರಿಗೆ ಅಲ್ಲಿನ ಸಂತರ ಮುಖಗಳನ್ನು ಕಿತ್ತು, ಅದೇ ಜಾಗದಲ್ಲಿ ಬಣ್ಣದ ಗಾಜಿನ ಚೂರುಗಳಿಂದ ಶಿಲುಬೆಗಳನ್ನು ಕೂರಿಸಿದರು. ಕೆಲಸ ಬಲು ಅಚ್ಚುಕಟ್ಟು. ಹತ್ತಿರ ಹೋಗಿ ನೋಡಿದರೆ ಮಾತ್ರ ತಿಳಿಯುತ್ತದೆ: ಶಿಲುಬೆಯ ಕೆಳಗೆ, ಸಂತರ ಹೆಸರಿದ್ದ ಕಡೆ, ಚೂರುಗಳ ಸಾಲು ಸುತ್ತಲಿನದಕ್ಕೆ ಹೊಂದುವುದಿಲ್ಲ. ಆ ತೇಪೆ ಇಂದಿಗೂ ಇದೆ.

ಸಭೆಯನ್ನು ಓಡಿಸಿದ ಪಡೆಗಳೊಡನೆ ಐರೀನ್ ವಾದಕ್ಕೆ ಇಳಿಯಲಿಲ್ಲ. ಸೆಪ್ಟೆಂಬರಿನಲ್ಲಿ ತನ್ನ ನಂಬಿಕೆಯ ಅಧಿಕಾರಿ, ನಪುಂಸಕ ಸ್ಟೌರಾಕಿಯೊಸ್‌ನನ್ನು ಥ್ರೇಸಿಗೆ ಕಳಿಸಿದಳು. ಏಷ್ಯಾದ ಪ್ರಾಂತ್ಯಗಳಿಂದ ಬಂದು ಅಲ್ಲಿ ಬೀಡುಬಿಟ್ಟಿದ್ದ ಸೈನ್ಯವನ್ನು ಆತ ಒಳಗೊಳಗೇ ಒಲಿಸಿಕೊಂಡ. ಆಮೇಲೆ ಅರಬರ ಮೇಲೆ ದಂಡಯಾತ್ರೆ ಇದೆ ಎಂಬ ಸುದ್ದಿ ಹೊರಟಿತು. ನೀವು ದಡದಲ್ಲಿ ನಿಂತು ನೋಡುತ್ತಿದ್ದೀರಿ: ಅರಸರ ಡೇರೆಗಳು, ಸಾಮಾನು ಸರಂಜಾಮು, ಎಲ್ಲವೂ ಜಲಸಂಧಿ ದಾಟಿ ಮಲಗಿನಾ ಶಿಬಿರಕ್ಕೆ ಹೋಗುತ್ತಿವೆ. ಸಾಮಾನೇ ಹೋದ ಮೇಲೆ ಯಾರಿಗೆ ಅನುಮಾನ? ಅರಸರ ಕಾವಲಿಗೆಂದು ಖಾಸಾ ಪಡೆಗಳೂ ಹೋದವು. ಅವರ ಬೆನ್ನಿಗೇ ಪ್ರಾಂತ್ಯದ ಸೈನ್ಯ ನಗರದೊಳಗೆ ಬಂದು ಕೂತಿತು. ಆಗ ಶಿಬಿರಕ್ಕೆ ಅಪ್ಪಣೆ ಹೋಯಿತು: ಆಯುಧ ಒಪ್ಪಿಸಿ. ಒಪ್ಪಿಸದೆ ಬೇರೆ ದಾರಿ ಇರಲಿಲ್ಲ, ಹೆಂಡತಿ ಮಕ್ಕಳು ನಗರದಲ್ಲಿದ್ದರು. ಆ ಸಂಸಾರಗಳನ್ನೂ ಹಡಗು ಹತ್ತಿಸಿ ಹೊರಗೆ ಕಳಿಸಿದಳು. ಹುಟ್ಟಿದೂರಿಗೆ ಹೋಗಿ ಇರಿ ಎಂದಳು. ಒಂದು ತೊಟ್ಟು ರಕ್ತ ಬೀಳಲಿಲ್ಲ. ನನಗೆ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಜಾಣತನದ ನಡೆ ಇದೇ ಅನ್ನಿಸುತ್ತದೆ.

ಸಭೆ ಮತ್ತೆ ಕೂಡಿದ್ದು 787ರ ಸೆಪ್ಟೆಂಬರ್ 24ರಂದು, ರಾಜಧಾನಿಯಲ್ಲಲ್ಲ, ನೈಸಿಯಾದಲ್ಲಿ. 325ರಲ್ಲಿ ಮೊದಲ ವಿಶ್ವಸಭೆ ನಡೆದ ಊರು, ಹಾಗಾಗಿ ಘನತೆಗೂ ಕೊರತೆಯಿಲ್ಲ. ಗಲಾಟೆಯ ರಾಜಧಾನಿಯಿಂದ ದೂರ.

ಆರನೆಯ ಅಧಿವೇಶನದ ದಿನ ಒಳಗೆ ಹೋಗಿ ಕೂತುಕೊಳ್ಳಿ. 754ರ ನಿರ್ಣಯವನ್ನು ವಾಕ್ಯ ವಾಕ್ಯವಾಗಿ ಓದಿ, ಪ್ರತಿಯೊಂದಕ್ಕೂ ಖಂಡನೆ ಓದುವ ದಿನ ಅದು. ಓದಲು ಎದ್ದು ನಿಂತವನನ್ನು ನೋಡಿ: ನಿಯೊಸಿಸೇರಿಯಾದ ಬಿಷಪ್ ಗ್ರೆಗರಿ. ನಿನ್ನೆಮೊನ್ನೆಯವರೆಗೆ ಚಿತ್ರವಿರೋಧಿಗಳಲ್ಲಿ ಮುಂದಾಳು. ತಪ್ಪೊಪ್ಪಿಕೊಂಡು ಪೀಠ ಉಳಿಸಿಕೊಂಡಿದ್ದಾನೆ, ಅದಕ್ಕೆ ತೆರಬೇಕಾದ ಬೆಲೆ ಇದು. ತನ್ನ ಪಕ್ಷದ ಮಾತನ್ನು ತಾನೇ ಗಟ್ಟಿಯಾಗಿ ಓದಬೇಕು, ಮುಗಿದ ಕೂಡಲೇ ಇನ್ನೊಬ್ಬ ಅದನ್ನು ಹರಿದು ಹಾಕುವುದನ್ನು ನಿಂತು ಕೇಳಬೇಕು. ಪಾಪ. ಆದರೆ ಒಂದು ವಿಚಿತ್ರ ನೋಡಿ. ಚಿತ್ರವಿರೋಧಿಗಳ ಪುಸ್ತಕಗಳೆಲ್ಲ ಮುಂದೆ ನಾಶವಾದವು. 754ರ ಆ ನಿರ್ಣಯ ಇಂದು ನಮಗೆ ಸಿಗುವುದು ಅದನ್ನು ಖಂಡಿಸಲೆಂದು ಇಲ್ಲಿ ಓದಿ, ಕಡತಕ್ಕೆ ಸೇರಿಸಿದ್ದರಿಂದ ಮಾತ್ರ.

ಗ್ರೆಗರಿ ಓದುವ ವಾದವನ್ನು ಹಗುರವಾಗಿ ನೋಡಬೇಡಿ. ಕ್ರಿಸ್ತನಲ್ಲಿ ದೇವರೂ ಇದ್ದಾನೆ, ಮನುಷ್ಯನೂ ಇದ್ದಾನೆ, ಇಬ್ಬರನ್ನು ಬೆರೆಸಲೂಬಾರದು, ಬೇರೆ ಮಾಡಲೂಬಾರದು ಎಂಬುದು ಎಲ್ಲರೂ ಒಪ್ಪಿದ ಸಿದ್ಧಾಂತ. ಈಗ ಚಿತ್ರಕಾರನನ್ನು ಕೇಳಿ: ನೀನು ಬರೆದದ್ದು ಯಾರನ್ನು? ದೇವರನ್ನೂ ಸೇರಿಸಿ ಬರೆದೆ ಎಂದರೆ ಎಲ್ಲೆಯಿಲ್ಲದವನನ್ನು ಗೆರೆಯೊಳಗೆ ಕಟ್ಟಿಹಾಕಿದ. ಮನುಷ್ಯನನ್ನು ಮಾತ್ರ ಬರೆದೆ ಎಂದರೆ ಕ್ರಿಸ್ತನನ್ನು ಇಬ್ಭಾಗ ಮಾಡಿದ. ಯಾವ ಕಡೆ ಹೋದರೂ ಪಾಷಂಡಿ. ಕ್ರಿಸ್ತನ ನಿಜವಾದ ಚಿತ್ರ ಒಂದೇ, ಪೂಜೆಯಲ್ಲಿ ಕೊಡುವ ರೊಟ್ಟಿ ಮತ್ತು ದ್ರಾಕ್ಷಾರಸ. ಐದನೆಯ ಕಾನ್‌ಸ್ಟಂಟೈನ್ ಸ್ವತಃ ಬರೆದ ತರ್ಕದ ಜಾಡು ಇದು.

ಅದಕ್ಕೆ ಬಂದ ಉತ್ತರ ಕೇಳಿ ಸಭೆ ತಲೆದೂಗುತ್ತದೆ. ಮನುಷ್ಯನೊಬ್ಬನ ಚಿತ್ರ ಬರೆದರೆ ಅದರಲ್ಲಿ ಆತ್ಮ ಕಾಣುವುದಿಲ್ಲ. ಹಾಗೆಂದು ಚಿತ್ರಕಾರ ಆತನ ಆತ್ಮವನ್ನು ದೇಹದಿಂದ ಬೇರೆ ಮಾಡಿದ ಎಂದು ಬುದ್ಧಿಯಿದ್ದವರು ಹೇಳುತ್ತಾರೆಯೇ? ಚಿತ್ರಕ್ಕೂ ಮೂಲಕ್ಕೂ ಹೆಸರು ಒಂದು, ಹೋಲಿಕೆ ಒಂದು. ಹುರುಳು ಒಂದಲ್ಲ, ಒಂದಾಗಬೇಕಿಲ್ಲ. ದೇವರು ಕಣ್ಣಿಗೆ ಕಾಣುವ ಮೈ ತೊಟ್ಟು ಬಂದ ಎನ್ನುವುದು ನಿಜವಾದರೆ ಆ ಮೈಯನ್ನು ಬರೆಯಲೂ ಬರಬೇಕು.

ಅಕ್ಟೋಬರ್ 13ರ ನಿರ್ಣಯ ಕೊನೆಗೆ ಎರಡು ಗ್ರೀಕ್ ಪದಗಳ ಮೇಲೆ ನಿಂತಿತು. ಲತ್ರಿಯಾ ಎಂದರೆ ಆರಾಧನೆ, ಅದು ದೇವರಿಗೆ ಮಾತ್ರ. ಪ್ರೊಸ್ಕಿನೇಸಿಸ್ ಎಂದರೆ ಅಡ್ಡಬೀಳುವುದು, ಅದು ಚಿತ್ರಕ್ಕೂ ಸಲ್ಲುತ್ತದೆ, ಏಕೆಂದರೆ ಚಿತ್ರಕ್ಕೆ ಕೊಟ್ಟ ಮರ್ಯಾದೆ ಚಿತ್ರದಲ್ಲಿರುವವರಿಗೆ ಮುಟ್ಟುತ್ತದೆ. ಅಜ್ಜನ ಕಾಲಿಗೆ ಬಿದ್ದವನನ್ನು ಅಜ್ಜನನ್ನೇ ದೇವರು ಮಾಡಿಕೊಂಡೆ ಎಂದು ನಾವು ಬೈಯುವುದಿಲ್ಲವಲ್ಲ, ಹಾಗೆ. ಆದರೆ ಕಡತ ಲ್ಯಾಟಿನ್ನಿಗೆ ಹೋದಾಗ ಅನುವಾದಕರು ಅಡ್ಡಬೀಳುವುದಕ್ಕೂ ಆರಾಧನೆಯ ಅರ್ಥ ಬರುವ ಪದವನ್ನೇ ಹಾಕಿಬಿಟ್ಟರು. ಓದಿದ ಫ್ರಾಂಕ್ ದೊರೆ ಶಾರ್ಲಮೇನ್‌ನ ಪಂಡಿತರು ಕೆಂಡವಾದರು. 794ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸಭೆ ಸೇರಿ ಗ್ರೀಕರ ತೀರ್ಮಾನವನ್ನು ತಳ್ಳಿಹಾಕಿದರು.

ಚರ್ಚೆ ಮುಗಿಯಿತು ಎಂದುಕೊಂಡು ನೀವು ಅಪೊಸ್ತಲರ ಚರ್ಚನ್ನು ಮರೆತಿದ್ದೀರಿ. 813ರ ಬೇಸಿಗೆಯಲ್ಲಿ ಮತ್ತೆ ಅಲ್ಲಿಗೆ ಬನ್ನಿ. ಐರೀನ್ ಇಲ್ಲ, ಮಗನ ಕಣ್ಣು ಕೀಳಿಸಿ ತಾನೇ ಆಳಿ, ಪಟ್ಟ ಕಳೆದುಕೊಂಡು ಸತ್ತು ಹತ್ತು ವರ್ಷವಾಗಿದೆ. ಚಿತ್ರಗಳು ಗೋಡೆಗಳಿಗೆ ಮರಳಿವೆ, ಗೆಲುವು ಮರಳಿಲ್ಲ. ಬಲ್ಗರ್ ದೊರೆ ಕ್ರುಮ್ ಎರಡು ವರ್ಷದ ಹಿಂದೆ ಒಬ್ಬ ಚಕ್ರವರ್ತಿಯನ್ನೇ ಕೊಂದ. ಜನ ಪೇಟ್ರಿಯಾರ್ಕನೊಡನೆ ಪ್ರಾರ್ಥನೆಗೆ ನಿಂತಿದ್ದಾರೆ. ಇದ್ದಕ್ಕಿದ್ದಂತೆ ಸಮಾಧಿ ಮಂದಿರದ ಬಾಗಿಲು, ಯಾರೂ ಮುಟ್ಟದೆ, ದೊಡ್ಡ ಸದ್ದು ಮಾಡಿ ತೆರೆದುಕೊಳ್ಳುತ್ತದೆ. ಹಳೆಯ ಸೈನಿಕರು ಕೆಲವರು ಒಳಗೆ ಓಡಿ ಹಸಿರು ಕಲ್ಲಿನ ಪೆಟ್ಟಿಗೆಯ ಮುಂದೆ ಬೀಳುತ್ತಾರೆ. ಏಳು, ಮುಳುಗುತ್ತಿರುವ ರಾಜ್ಯವನ್ನು ಉಳಿಸು ಎಂದು ಸತ್ತ ಕಾನ್‌ಸ್ಟಂಟೈನನನ್ನು ಕರೆಯುತ್ತಾರೆ. ಆತ ಕುದುರೆಯೇರಿ ಬಲ್ಗರರ ಮೇಲೆ ಹೊರಟ ಎಂಬ ಸುದ್ದಿಯೂ ಹಬ್ಬುತ್ತದೆ. ನಗರಾಧಿಕಾರಿ ಹಿಡಿದು ವಿಚಾರಿಸಿದಾಗ ಬಾಯಿಬಿಟ್ಟರು: ಬಾಗಿಲನ್ನು ಮೊದಲೇ ಮೀಟಿ ಸಡಿಲ ಮಾಡಿ ಇಟ್ಟಿದ್ದರು. ಚಿತ್ರಕ್ಕೆ ಬೀಳಬೇಡಿ ಎಂದವರು ಬಿದ್ದದ್ದು ಸಮಾಧಿಗೆ.

ಕೆಲವೇ ವಾರಗಳಲ್ಲಿ ಐದನೆಯ ಲಿಯೋ ಸೈನ್ಯದ ಬಲದಿಂದ ಪಟ್ಟಕ್ಕೆ ಬಂದ; 815ರಲ್ಲಿ ಚಿತ್ರಗಳು ಮತ್ತೆ ಇಳಿದವು. ಅವು ಕಡೆಯ ಬಾರಿ ಏರಿದ್ದು 843ರಲ್ಲಿ, ಥಿಯೋಡೋರಾ ಎಂಬ ಇನ್ನೊಬ್ಬ ರಾಜಮಾತೆಯ ಕಾಲದಲ್ಲಿ. ಆಕೆಯ ಮಗ ಮೂರನೆಯ ಮೈಕೇಲ್ ಆ ಪೆಟ್ಟಿಗೆಯನ್ನು ಒಡೆಸಿ, ಎಲುಬುಗಳನ್ನು ಹೊರತೆಗೆಸಿ ಬೀದಿಯಲ್ಲಿ ಸುಡಿಸಿದನೆಂದು ಚರಿತ್ರೆಕಾರರು ಬರೆದಿದ್ದಾರೆ. ಹಸಿರು ಕಲ್ಲನ್ನು ಮಾತ್ರ ಸುಮ್ಮನೆ ಬಿಸಾಡಲಿಲ್ಲ. ಹಲಗೆಗಳಾಗಿ ಕೊಯ್ಸಿ ಅರಮನೆಯ ಹೊಸ ಚರ್ಚಿಗೆ ಬಳಸಿದರು. ಆ ಚರ್ಚಿನ ಗುಮ್ಮಟದ ಒಳಮೈಯಲ್ಲಿ ಕ್ರಿಸ್ತನ ಚಿತ್ರವಿತ್ತು.