ಮೂರು ಕೋಷ್ಟಕ, ಒಂದು ಪಿವಟ್

ಎಕ್ಸೆಲ್‌ನಲ್ಲಿ ನನಗೆ ತುಂಬ ಖುಷಿ ಕೊಡುವ ಕೆಲಸವೆಂದರೆ ಕೋಷ್ಟಕಗಳನ್ನು ಬೆರೆಸದೆ, ಅವುಗಳ ನಡುವೆ ಸಂಬಂಧ ಹೆಣೆದು ಒಂದೇ ಪಿವಟ್ ಟೇಬಲ್ ಕಟ್ಟುವುದು. 2013ರ ಆವೃತ್ತಿಯಿಂದಲೇ ಎಕ್ಸೆಲ್‌ನೊಳಗೆ ಡೇಟಾ ಮಾಡೆಲ್ ಇದೆ. ಆದರೂ VLOOKUP ಸಾಲದೇ ಎಂದು ಕೇಳುವವರಿದ್ದಾರೆ. ಮಾರಾಟದ ಸಾಲಿನ ಪಕ್ಕಕ್ಕೆ ಊರಿನ ಹೆಸರು ತರುವುದಷ್ಟೇ ಆದರೆ ಖಂಡಿತ ಸಾಕು. ಬೇರೆ ಬೇರೆ ಮಟ್ಟದಲ್ಲಿ ಬರೆದಿಟ್ಟ ಎರಡು ಮೊತ್ತಗಳನ್ನು ಹೋಲಿಸಲು ಹೊರಟಾಗ ಅದು ಸಾಲದು. ಮೈಸೂರು, ಹುಬ್ಬಳ್ಳಿಗಳಲ್ಲಿ ಶಾಖೆಯಿರುವ ಒಂದು ಪುಸ್ತಕದಂಗಡಿಯನ್ನು ಊಹಿಸಿಕೊಳ್ಳಿ. ಮಾರಾಟದ ಕೋಷ್ಟಕದಲ್ಲಿ ಬಿಲ್ಲಿಗೊಂದು ಸಾಲು, ಗುರಿಯ ಕೋಷ್ಟಕದಲ್ಲಿ ಶಾಖೆಗೆ ತಿಂಗಳಿಗೊಂದು ಸಾಲು. ಜೂನ್‌ನಲ್ಲಿ ಮೈಸೂರಿನ ಮೂರು ಬಿಲ್ಲು ಸೇರಿ 90,000 ರೂಪಾಯಿ, ಗುರಿ 1,00,000. ಹುಬ್ಬಳ್ಳಿಯ ಎರಡು ಬಿಲ್ಲು ಸೇರಿ 1,10,000, ಗುರಿ 1,20,000. ಗುರಿಯನ್ನು ಬಿಲ್ಲಿನ ಸಾಲಿಗೆ ಎಳೆದು ತಂದರೆ ಅದು ಪ್ರತಿ ಬಿಲ್ಲಿನಲ್ಲೂ ಮರುಕಳಿಸುತ್ತದೆ. ಪಿವಟ್ ಅದನ್ನೆಲ್ಲ ಕೂಡಿ ಮೈಸೂರಿನ ಗುರಿ 3,00,000, ಹುಬ್ಬಳ್ಳಿಯದು 2,40,000 ಎನ್ನುತ್ತದೆ.

ಎರಡೂ ಕೋಷ್ಟಕಗಳನ್ನು ನೇರವಾಗಿ ಜೋಡಿಸಲು ಹೋದರೆ ಎಕ್ಸೆಲ್ ಒಪ್ಪುವುದಿಲ್ಲ. ಶಾಖೆಯ ಸಂಕೇತ ಎರಡು ಕಡೆಯೂ ಮತ್ತೆ ಮತ್ತೆ ಬರುತ್ತದೆ. ಸಂಬಂಧಕ್ಕೆ ಒಂದು ಬದಿಯಲ್ಲಾದರೂ ಅದು ಒಂದೇ ಸಲ ಇರಬೇಕು. ಆದ್ದರಿಂದ ಶಾಖೆಗೆ ಒಂದೇ ಸಾಲಿರುವ ಮೂರನೆಯ ಕೋಷ್ಟಕ ಬೇಕು. ಮೂರನ್ನೂ Ctrl+T ಒತ್ತಿ ಟೇಬಲ್ ಮಾಡಿ, ಹೆಸರಿಟ್ಟು, ಪಿವಟ್ ಸೇರಿಸುವಾಗ Add this data to the Data Model ಗುರುತು ಹಾಕಿ, Data ಪಟ್ಟಿಯ Relationships ಮೂಲಕ ಮಾರಾಟವನ್ನೂ ಗುರಿಯನ್ನೂ ಶಾಖೆಗೆ ಕಟ್ಟಬೇಕು. ಆಮೇಲೆ ಜೂನ್‌ಗೆ ಸೋಸಿದ ಈ ದತ್ತಾಂಶದ ಪಿವಟ್‌ನಲ್ಲಿ ಊರನ್ನು ಶಾಖೆಯ ಕೋಷ್ಟಕದಿಂದಲೇ ಎತ್ತಿ ಸಾಲುಗಳಿಗೆ ಇಡಬೇಕು. ಇಡೀ ಕುಶಲತೆ ಇರುವುದು ಇಲ್ಲೇ. ಸೋಸುವಿಕೆ ಶಾಖೆಯಿಂದ ಮಾರಾಟದತ್ತ, ಗುರಿಯತ್ತ ಕೆಳಗೆ ಹರಿಯುತ್ತದೆ, ಮೇಲಕ್ಕೆ ಏರುವುದಿಲ್ಲ. ಮಾರಾಟದ ಕೋಷ್ಟಕದ ಸಂಕೇತವನ್ನೇ ಸಾಲಿಗಿಟ್ಟರೆ ಗುರಿಯ ಅಂಕಣದಲ್ಲಿ ಪ್ರತಿ ಶಾಖೆಯ ಎದುರೂ 2,20,000 ಕಾಣುತ್ತದೆ. ಎಲ್ಲ ಸಾಲಿನಲ್ಲೂ ಒಂದೇ ಮೊತ್ತ ಕಂಡರೆ ಸಂಬಂಧ ತಪ್ಪಿದೆ, ಇಲ್ಲವೇ ಅಂಕಣವನ್ನು ತಪ್ಪು ಕೋಷ್ಟಕದಿಂದ ತೆಗೆದಿದ್ದೀರಿ ಎಂದರ್ಥ.

ಸಂಕೇತಗಳು ಶುದ್ಧವಾಗಿಲ್ಲದಿದ್ದರೆ ಇದೆಲ್ಲ ಮುರಿದುಬೀಳುತ್ತದಲ್ಲ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಹೇಗೆ ಮುರಿಯುತ್ತದೆ ನೋಡಿ: ಮಾರಾಟದಲ್ಲಿದ್ದು ಶಾಖೆಯ ಕೋಷ್ಟಕದಲ್ಲಿಲ್ಲದ ಸಂಕೇತದ ಹಣ (blank) ಎಂಬ ಸಾಲಿನಲ್ಲಿ ಸೇರಿಕೊಳ್ಳುತ್ತದೆ. ಒಟ್ಟು ಮೊತ್ತ ಕೆಡುವುದಿಲ್ಲ, ಬಿಟ್ಟುಹೋದ ಶಾಖೆ ಎಷ್ಟು ತೂಕದ್ದೆಂದೂ ತಿಳಿಯುತ್ತದೆ. ನಿಜವಾದ ಮಿತಿ ಇರುವುದು ದಿನಾಂಕದಲ್ಲಿ. ಮಾರಾಟವನ್ನೂ ಗುರಿಯನ್ನೂ ಕಾಲಕ್ಕೆ ಹೊಂದಿಸಲು ದಿನಕ್ಕೊಂದು ಸಾಲಿನ ಕ್ಯಾಲೆಂಡರ್ ಕೋಷ್ಟಕ ಸೇರಿಸಿ, ತಿಂಗಳ ಗುರಿಗೆ ಒಂದನೆಯ ತಾರೀಖು ಕೊಡುವುದು ವಾಡಿಕೆ. ತಿಂಗಳವಾರು ಪಿವಟ್‌ಗೆ ಅದು ಸರಿಹೋಗುತ್ತದೆ. ದಿನವಾರು ನೋಡಿದರೆ ಮಾತ್ರ ಜೂನ್ 1ರಂದು ಮೈಸೂರಿನ ಇಡೀ ಲಕ್ಷದ ಗುರಿ ನಿಂತಿರುತ್ತದೆ, ಉಳಿದ 29 ದಿನ ಖಾಲಿ.